ಕಾಲೇಜಿಗೆ ಗೇಮಿಂಗ್ ಲ್ಯಾಪ್‌ಟಾಪಾ, ಹಗುರದ್ದಾ? ಮೊದಲು ವ್ಯಾಟ್ ಲೆಕ್ಕ ಹಾಕಿ

ಸಿಇಟಿ ಸೀಟು ಹಂಚಿಕೆ ಶುರುವಾದ ಕೂಡಲೇ ನನಗೆ ಬರುವ ಪ್ರಶ್ನೆ ಒಂದೇ. "ಮಗ ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಂತಾನೆ, ಕೊಡಿಸಬೇಕಾ?" ಇಲ್ಲವೇ "ಮಗಳು ತೆಳ್ಳಗಿನದು ಸಾಕು ಅಂತಾಳೆ, ಮುಂದೆ ಸಾಲುತ್ತದಾ?" ಶಿರಸಿ, ಕುಮಟಾ, ಕಾರವಾರ ಎಲ್ಲ ಕಡೆಯಿಂದಲೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿದ್ದೇನೆ.

ಈ ವರ್ಷ ಜಗಳ ನಮ್ಮ ಮನೆಯಲ್ಲೇ ಆಯಿತು. ಕಾರವಾರದ ಅಕ್ಕನ ಮಗನಿಗೆ ಮಂಗಳೂರಿನ ಕಡೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಶಿರಸಿಯಲ್ಲಿರುವ ಅಣ್ಣನ ಮಗಳಿಗೆ ಹುಬ್ಬಳ್ಳಿಯಲ್ಲಿ ಬಿ.ಆರ್ಕ್, ಅಂದರೆ ಕಟ್ಟಡ ವಿನ್ಯಾಸದ ಐದು ವರ್ಷದ ಕೋರ್ಸು. ಇಬ್ಬರ ಬಜೆಟ್ಟೂ 75 ಸಾವಿರದ ಆಚೀಚೆ. ಹೊರಗೆ ಮಳೆ ಹೊಯ್ಯುತ್ತಿತ್ತು, ಜಗಲಿಯಲ್ಲಿ ಇವರಿಬ್ಬರ ವಾದ ನಡೆದಿತ್ತು.

"ನಾಲ್ಕು ವರ್ಷ ಬಾಳಿಕೆ ಬರಬೇಕಂದ್ರೆ ಪವರ್ ಬೇಕು ಮಾವಾ. ಗೇಮಿಂಗ್ ತಗೊಂಡ್ರೆ ಎಲ್ಲಾನೂ ಓಡ್ತದೆ" ಅಂತ ಅವನು.

"ಎಂತಕ್ಕೆ ಅಷ್ಟು ಭಾರದ್ದು? ನಂಗೆ ಬಸ್ಸಿನಲ್ಲಿ ಓಡಾಡ್ಲಿಕ್ಕೆ ಹಗುರದ್ದೇ ಬೇಕು ಅಪ್ಪಚ್ಚಿ" ಅಂತ ಅವಳು.

ಇಬ್ಬರೂ ಹೇಳಿದ್ದರಲ್ಲಿ ಸತ್ಯ ಇತ್ತು. ಆದರೆ ಇಬ್ಬರೂ ತಮ್ಮ ಕೋರ್ಸಿಗೆ ಏನು ಬೇಕು ಅನ್ನುವುದನ್ನು ನೋಡಿರಲಿಲ್ಲ. ನೋಡಿದಾಗ ಲೆಕ್ಕ ತಿರುಗಾಮುರುಗಾ ಆಯಿತು. ಅವರ ಜೊತೆ ಕೂತು ಮಾಡಿದ್ದನ್ನೇ ಹಂತ ಹಂತವಾಗಿ ಹೇಳುತ್ತೇನೆ.

ಇದಕ್ಕೆ ಬೇಕಾಗುವುದು ಒಂದು ಹಾಳೆ, ಒಂದು ಪೆನ್ನು, ಒಂದು ಲೀಟರಿನ ಮೂರು ನೀರಿನ ಬಾಟಲಿ, ಮತ್ತೆ ನೀವು ಸೇರುವ ವಿಭಾಗದಲ್ಲೇ ಮೂರನೇ ವರ್ಷ ಓದುತ್ತಿರುವ ಒಬ್ಬರ ಫೋನ್ ನಂಬರು. ಅಂಗಡಿಗೆ ಹೋಗುವುದು ಕೊನೆಗೆ.

1. ಕೋರ್ಸಿಗೆ ಬೇರೆ ಗ್ರಾಫಿಕ್ಸ್ ಚಿಪ್ ಬೇಕಾ ಅಂತ ಕೇಳಿ

ಗೇಮಿಂಗ್ ಲ್ಯಾಪ್‌ಟಾಪ್ ಅಂದರೆ ಕೆಂಪು ದೀಪದ ಕೀಬೋರ್ಡ್ ಇರುವುದು ಅಂತಲ್ಲ. ಚಿತ್ರ ಮೂಡಿಸುವ ಕೆಲಸಕ್ಕೆಂದೇ ಅದರೊಳಗೆ ಪ್ರತ್ಯೇಕ ಚಿಪ್ ಇರುತ್ತದೆ. ಇದನ್ನೇ ಗ್ರಾಫಿಕ್ಸ್ ಕಾರ್ಡ್ ಅನ್ನುತ್ತಾರೆ. ಹಗುರ ಲ್ಯಾಪ್‌ಟಾಪಿನಲ್ಲಿ ಆ ಕೆಲಸವನ್ನು ಪ್ರೊಸೆಸರ್ ಒಳಗಿನ ಸಣ್ಣ ಭಾಗವೇ ಮಾಡುತ್ತದೆ. ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದು. ತೂಕ, ಬಿಸಿ, ಫ್ಯಾನ್ ಸದ್ದು, ದೊಡ್ಡ ಚಾರ್ಜರ್ ಎಲ್ಲ ಈ ಚಿಪ್ಪಿನ ಹಿಂದೆಯೇ ಬರುತ್ತವೆ.

ಹಾಗಾಗಿ ಸೀನಿಯರ್‌ಗೆ ಫೋನ್ ಮಾಡಿ "ಯಾವ ಲ್ಯಾಪ್‌ಟಾಪ್ ಒಳ್ಳೇದು" ಅಂತ ಕೇಳಬೇಡಿ. ಅವರು ತಮ್ಮ ಹತ್ತಿರ ಇರುವುದನ್ನೇ ಹೇಳುತ್ತಾರೆ. "ಮೊದಲ ಮೂರು ವರ್ಷದಲ್ಲಿ ಯಾವ ಯಾವ ಸಾಫ್ಟ್‌ವೇರ್ ಹಾಕಿಕೊಂಡೆ, ಯಾವುದು ನಿಧಾನ ಆಯಿತು" ಅಂತ ಕೇಳಿ. ಬಂದ ಉತ್ತರವನ್ನು ಹಾಳೆಯಲ್ಲಿ ಬರೆದುಕೊಳ್ಳಿ.

ಅಕ್ಕನ ಮಗನಿಗೆ ಸಿಕ್ಕ ಪಟ್ಟಿಯಲ್ಲಿ ಸಿ, ಪೈಥಾನ್, ಜಾವಾ, ಡೇಟಾಬೇಸ್ ಇದ್ದವು. ಮುಂದೆ ಆಂಡ್ರಾಯ್ಡ್ ಸ್ಟುಡಿಯೋ. ಜೊತೆಗೆ ವರ್ಚುವಲ್ ಮೆಷಿನ್, ಅಂದರೆ ಒಂದು ಕಂಪ್ಯೂಟರಿನ ಒಳಗೆ ಇನ್ನೊಂದನ್ನು ಓಡಿಸುವುದು. ಇವು ಕೇಳುವುದು ಗ್ರಾಫಿಕ್ಸ್ ಚಿಪ್ ಅಲ್ಲ, ರ‍್ಯಾಮ್. 8 ಜಿಬಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಮತ್ತು ಪರದೆಯ ಮೇಲೆ ನಕಲಿ ಫೋನ್ ಓಡಿಸುವ ಅದರ ಎಮ್ಯುಲೇಟರ್ ಒಟ್ಟಿಗೆ ತೆರೆದರೆ ಒದ್ದಾಡುತ್ತದೆ, 16 ಜಿಬಿ ಇದ್ದರೆ ಆರಾಮ.

ಅಣ್ಣನ ಮಗಳ ಪಟ್ಟಿ ಬೇರೆ. ಮೊದಲ ವರ್ಷ ಬಹುಪಾಲು ಕೈಯಲ್ಲೇ ಚಿತ್ರ ಬಿಡಿಸುವುದು. ಆಮೇಲೆ ಆಟೋಕ್ಯಾಡ್, ಸ್ಕೆಚಪ್, ರೆವಿಟ್. ಅಲ್ಲಿಂದ ಮುಂದೆ ಲ್ಯೂಮಿಯನ್, ಎನ್‌ಸ್ಕೇಪ್ ತರಹದ ರೆಂಡರಿಂಗ್ ಸಾಫ್ಟ್‌ವೇರ್. ರೆಂಡರಿಂಗ್ ಅಂದರೆ ಬರೀ ಗೆರೆಗಳ ಮನೆಗೆ ಬೆಳಕು, ನೆರಳು, ಗಾಜು, ಮರ ಎಲ್ಲ ಹಚ್ಚಿ ಫೋಟೋದ ಹಾಗೆ ತೋರಿಸುವುದು. ಇದು ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದೆ ನಡೆಯುವ ಕೆಲಸವಲ್ಲ.

ಹಾಳೆ ನೋಡಿ ಇಬ್ಬರೂ ಸುಮ್ಮನಾದರು. ಗೇಮಿಂಗ್ ಬೇಕು ಅಂದವನ ಓದಿಗೆ ಆ ಚಿಪ್ ಬೇಕಿರಲಿಲ್ಲ. ಬೇಡ ಅಂದವಳಿಗೆ ಬೇಕಿತ್ತು.

ಇಲ್ಲಿ ಜಾಸ್ತಿ ಜನ ಎಡವುವ ಜಾಗ ಒಂದಿದೆ. ರೆವಿಟ್ ಮತ್ತು ಮೆಕ್ಯಾನಿಕಲ್‌ನವರ ಸಾಲಿಡ್‌ವರ್ಕ್ಸ್ ವಿಂಡೋಸ್‌ಗೆ ಮಾತ್ರ ಬರುತ್ತವೆ. ಹಗುರ ಬೇಕು ಅಂತ ಮ್ಯಾಕ್‌ಬುಕ್ ಕೊಂಡು ಆಮೇಲೆ ಕಂಗಾಲಾದ ಮಕ್ಕಳು ನನ್ನ ಹತ್ತಿರ ಬಂದಿದ್ದಾರೆ. ಸ್ನ್ಯಾಪ್‌ಡ್ರಾಗನ್ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪುಗಳಲ್ಲೂ ಇಂಥ ದೊಡ್ಡ ಸಾಫ್ಟ್‌ವೇರ್‌ಗಳಿಗೆ ತೊಂದರೆ ಬರಬಹುದು. ಸಿವಿಲ್, ಮೆಕ್ಯಾನಿಕಲ್, ಆರ್ಕಿಟೆಕ್ಚರ್ ಮಕ್ಕಳು ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪೇ ತೆಗೆದುಕೊಳ್ಳಿ.

ಆಟದ ಆಸೆಯನ್ನೂ ಹಾಳೆಯಲ್ಲಿ ಬರೆಯಿರಿ. ಹಾಸ್ಟೆಲಿನಲ್ಲಿ ಗೆಳೆಯರ ಜೊತೆ ಆಡಬೇಕು ಅನ್ನುವುದು ತಪ್ಪಲ್ಲ. "ಓದಿಗೇ ಬೇಕು" ಅಂತ ಅಪ್ಪನಿಗೆ ಹೇಳಿದರೆ ಮಾತ್ರ ಲೆಕ್ಕ ಕೆಡುತ್ತದೆ. ಯಾವ ಆಟ, ವಾರಕ್ಕೆ ಎಷ್ಟು ಗಂಟೆ ಅಂತ ಬರೆಯಿರಿ. ಅಕ್ಕನ ಮಗ ಬರೆದದ್ದು ವ್ಯಾಲೊರಂಟ್, ರಾತ್ರಿ ಒಂದು ಗಂಟೆ.

2. ಬಾಟಲಿ ಹೊತ್ತು ನಡೆಯಿರಿ

ಸಾಮಾನ್ಯ ಗೇಮಿಂಗ್ ಲ್ಯಾಪ್‌ಟಾಪ್ 2.2 ರಿಂದ 2.5 ಕಿಲೋ ತೂಗುತ್ತದೆ. ಅದರ ಚಾರ್ಜರ್ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ. ಎರಡೂ ಸೇರಿದರೆ 3 ಕಿಲೋ ಹತ್ತಿರ. ಹಗುರದ್ದು 1.3 ಕಿಲೋ ಆಸುಪಾಸು, ಚಾರ್ಜರ್ ಕಾಲು ಕಿಲೋ. ಜಾಹೀರಾತಿನಲ್ಲಿ ಕೊಡುವ ತೂಕಕ್ಕೆ ಚಾರ್ಜರ್ ಸೇರಿರುವುದಿಲ್ಲ, ಇದನ್ನು ಮರೆಯಬೇಡಿ.

ಸಂಖ್ಯೆ ಓದಿದರೆ ಭಾರ ಗೊತ್ತಾಗುವುದಿಲ್ಲ. ಮೂರು ಲೀಟರ್ ನೀರು ಅಂದರೆ ಮೂರು ಕಿಲೋ. ಮೂರು ಬಾಟಲಿಯನ್ನು ಬ್ಯಾಗಿಗೆ ಹಾಕಿ, ಎರಡು ದಪ್ಪ ಪುಸ್ತಕ ಸೇರಿಸಿ, ಇಪ್ಪತ್ತು ನಿಮಿಷ ನಡೆದು ಬನ್ನಿ. ಆಮೇಲೆ ಒಂದೂವರೆ ಬಾಟಲಿ ಇಟ್ಟುಕೊಂಡು ಅದೇ ದಾರಿ ನಡೆಯಿರಿ. ಅಕ್ಕನ ಮಗ ಮೊದಲನೇ ಸುತ್ತು ನಗುತ್ತಲೇ ಮುಗಿಸಿದ. ದಿನಾ ಎರಡು ಸಲ, ಮಂಗಳೂರಿನ ಸೆಕೆಯಲ್ಲಿ, ಅಂತ ನೆನಪಿಸಿದಾಗ ಯೋಚನೆಗೆ ಬಿದ್ದ. ಅವನ ಹಾಸ್ಟೆಲಿನಿಂದ ತರಗತಿಗೆ ಒಂದು ಕಿಲೋಮೀಟರ್ ಏರು ದಾರಿ.

ದಿನಾ ಹೊರಬೇಕಾ, ಕೋಣೆಯಲ್ಲೇ ಇಡುವುದಾ ಅನ್ನುವುದನ್ನೂ ಸೀನಿಯರ್ ಹತ್ತಿರವೇ ಕೇಳಿ. ಕೆಲವು ಕಡೆ ಲ್ಯಾಬಿನಲ್ಲಿ ಕಾಲೇಜಿನ ಕಂಪ್ಯೂಟರ್ ಇರುತ್ತದೆ, ಲ್ಯಾಪ್‌ಟಾಪ್ ತರುವ ಅಗತ್ಯವೇ ಇರುವುದಿಲ್ಲ.

3. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ನೀವೇ ಭಾಗಿಸಿ

ಪೆಟ್ಟಿಗೆಯ ಮೇಲೆ "10 ಗಂಟೆ" ಅಂತ ಬರೆದಿದ್ದರೆ ನಂಬಬೇಡಿ. ಪರದೆಯ ಬೆಳಕು ಪೂರ್ತಿ ತಗ್ಗಿಸಿ, ವಿಡಿಯೋ ಮಾತ್ರ ಓಡಿಸಿ ಅಳೆದದ್ದೂ ಇರುತ್ತದೆ. ಅದರ ಬದಲು ಎರಡು ಸಂಖ್ಯೆ ಹಿಡಿದುಕೊಳ್ಳಿ.

ಒಂದು, ಬ್ಯಾಟರಿಯ ವ್ಯಾಟ್ ಅವರ್. ಇದು ಟ್ಯಾಂಕಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಅನ್ನುವ ಹಾಗೆ. ಕಂಪನಿಯ ವಿವರದ ಪುಟದಲ್ಲಿ `Wh` ಅಂತ ಬರೆದಿರುತ್ತಾರೆ. ಇನ್ನೊಂದು, ಕೆಲಸ ಮಾಡುವಾಗ ಯಂತ್ರ ಎಷ್ಟು ವ್ಯಾಟ್ ಎಳೆಯುತ್ತದೆ ಅನ್ನುವುದು. ಅದು ನಲ್ಲಿಯ ಧಾರೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಗಂಟೆ ಬರುತ್ತದೆ.

ನಾವು ನೋಡಿದ ಗೇಮಿಂಗ್ ಲ್ಯಾಪ್‌ಟಾಪಿನ ಬ್ಯಾಟರಿ 57 ವ್ಯಾಟ್ ಅವರ್. ಸುಮ್ನೆ ನೋಟ್ಸ್ ಬರೆದು ಬ್ರೌಸರ್ ತೆರೆದಿಟ್ಟರೂ ಇಂಥವು 15 ರಿಂದ 20 ವ್ಯಾಟ್ ಎಳೆಯುತ್ತವೆ. 18 ಅಂತ ಹಿಡಿದರೆ 57 ಭಾಗಿಸು 18, ಮೂರು ಗಂಟೆ ಚಿಲ್ಲರೆ. ಹಗುರದ್ದರ ಬ್ಯಾಟರಿ 54, ಅಂದರೆ ಇನ್ನೂ ಸಣ್ಣದು. ಆದರೆ ಅದೇ ಕೆಲಸಕ್ಕೆ ಅದು ಎಳೆಯುವುದು 7 ವ್ಯಾಟ್ ಆಸುಪಾಸು. ಏಳೂವರೆ ಗಂಟೆ ಬಂತು. ಎರಡು ವರ್ಷ ಬಳಸಿದ ಮೇಲೆ ಯಾವ ಬ್ಯಾಟರಿಯೂ ಹೊಸದರಷ್ಟು ಹಿಡಿಯುವುದಿಲ್ಲ. ಐದರಲ್ಲಿ ಒಂದು ಭಾಗ ಕಳೆದು ನೋಡಿ. ಗೇಮಿಂಗ್‌ನದು ಎರಡೂವರೆ ಗಂಟೆಗೆ ಇಳಿಯುತ್ತದೆ, ಹಗುರದ್ದು ಆರು ಗಂಟೆ. ಬೆಳಗ್ಗೆ ಒಂಬತ್ತರಿಂದ ಮೂರರ ತನಕ ತರಗತಿ ಇದ್ದರೆ ಮೊದಲನೆಯದಕ್ಕೆ ಮಧ್ಯದಲ್ಲಿ ಪ್ಲಗ್ ಹುಡುಕಲೇಬೇಕು.

"ಬಸ್ಸಿನಲ್ಲಿ ಆಡಬಹುದಲ್ವಾ" ಅಂತ ಅವನು ಕೇಳಿದ. ಆಡುವಾಗ 80 ವ್ಯಾಟ್ ಎಳೆದರೆ ಮುಕ್ಕಾಲು ಗಂಟೆಯೊಳಗೆ ಬ್ಯಾಟರಿ ಖಾಲಿ. ಅಷ್ಟೇ ಅಲ್ಲ, ಚಾರ್ಜರ್ ತೆಗೆದ ಕೂಡಲೇ ಗ್ರಾಫಿಕ್ಸ್ ಚಿಪ್ಪಿನ ವೇಗ ಇಳಿಯುತ್ತದೆ. ಚಾರ್ಜರ್ ಕೊಡುವಷ್ಟು ಕರೆಂಟನ್ನು ಬ್ಯಾಟರಿ ಕೊಡಲಾರದು. ಗೇಮಿಂಗ್ ಲ್ಯಾಪ್‌ಟಾಪಿನ ಪೂರ್ತಿ ಶಕ್ತಿ ಸಿಗುವುದು ಪ್ಲಗ್ ಹಾಕಿದಾಗ ಮಾತ್ರ.

ನಮ್ಮ ಕಡೆಯವರು ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ರಾತ್ರಿಯಿಡೀ ಇನ್ವರ್ಟರೇ ಗತಿ. ಮನೆಯ 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್ ಅವರ್ ಇದೆ. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರಿನಲ್ಲೂ ಒಂದಿಷ್ಟು ಕಳೆದುಹೋಗುತ್ತದೆ, ಹಾಗಾಗಿ 1200 ಅಂತ ಹಿಡಿಯೋಣ. ಎರಡು ಫ್ಯಾನು, ನಾಲ್ಕು ದೀಪ ಸೇರಿ 200 ವ್ಯಾಟ್ ಎಳೆದರೆ ಆರು ಗಂಟೆ ಬರುತ್ತದೆ. ಅದರ ಮೇಲೆ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಆಡುತ್ತಾ ಕೂತರೆ ಇನ್ನೊಂದು 180 ವ್ಯಾಟ್. ಆರು ಗಂಟೆ ಇದ್ದದ್ದು ಮೂರಕ್ಕೆ ಇಳಿಯುತ್ತದೆ. ಹಗುರದ್ದು ಚಾರ್ಜ್ ಆಗುವಷ್ಟು ಹೊತ್ತು 50–60 ವ್ಯಾಟ್ ಎಳೆಯುತ್ತದೆ, ಆಮೇಲೆ ಸುಮ್ಮನಾಗುತ್ತದೆ.

4. ಗ್ರಾಫಿಕ್ಸ್ ಚಿಪ್ಪಿನ ಹೆಸರು ನೋಡಿ ಮೋಸ ಹೋಗಬೇಡಿ

ಚಿಪ್ ಬೇಕೇ ಬೇಕು ಅಂತ ಗೊತ್ತಾದವರು ಈ ಹಂತವನ್ನು ನಿಧಾನವಾಗಿ ಓದಿ. ಬೇಡದವರು ಐದನೆಯದಕ್ಕೆ ಹೋಗಬಹುದು.

ಎರಡು ಲ್ಯಾಪ್‌ಟಾಪಿನ ಮೇಲೂ ಆರ್‌ಟಿಎಕ್ಸ್ 4050 ಅಂತ ಬರೆದಿದೆ ಅಂದುಕೊಳ್ಳಿ. ಎರಡೂ ಒಂದೇ ಅಲ್ಲ. ಈ ಲ್ಯಾಪ್‌ಟಾಪ್ ಚಿಪ್ಪನ್ನು 35 ವ್ಯಾಟಿನಿಂದ 115 ವ್ಯಾಟಿನ ತನಕ ಯಾವ ಮಟ್ಟದಲ್ಲಿ ಬೇಕಾದರೂ ಓಡಿಸಲು ಎನ್‌ವಿಡಿಯಾ ಕಂಪನಿ ಲ್ಯಾಪ್‌ಟಾಪ್ ತಯಾರಕರಿಗೆ ಬಿಟ್ಟಿದೆ. ತೆಳ್ಳಗಿನ ಯಂತ್ರದಲ್ಲಿ ಬಿಸಿ ಹೊರಹಾಕಲು ಜಾಗ ಇಲ್ಲ, ಅದಕ್ಕೇ ಕಡಿಮೆ ವ್ಯಾಟಿಗೆ ಕಟ್ಟಿಹಾಕುತ್ತಾರೆ. ದಪ್ಪ ಯಂತ್ರದಲ್ಲಿ ಮೇಲಿನ ಮಟ್ಟಕ್ಕೆ ಬಿಡುತ್ತಾರೆ. ಹೆಸರು ಒಂದೇ, ಕೆಲಸದ ವೇಗ ಬೇರೆ. ಕಡಿಮೆ ವ್ಯಾಟಿಗೆ ಕಟ್ಟಿದ ದೊಡ್ಡ ಹೆಸರಿನ ಚಿಪ್ಪಿಗಿಂತ ಪೂರ್ತಿ ವ್ಯಾಟ್ ಸಿಗುವ ಒಂದು ಮೆಟ್ಟಿಲು ಕೆಳಗಿನ ಚಿಪ್ ಕೆಲವು ಸಲ ಸಾಕಾಗಿಬಿಡುತ್ತದೆ.

ಕಂಪನಿಯ ಪುಟದಲ್ಲಿ ಇದನ್ನು `TGP` ಅಥವಾ `Maximum Graphics Power` ಅಂತ ಬರೆದಿರುತ್ತಾರೆ. ಬರೆದಿಲ್ಲದಿದ್ದರೆ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರದಲ್ಲೇ ನೋಡಬಹುದು. ಪರದೆಯ ಖಾಲಿ ಜಾಗದಲ್ಲಿ ಬಲ ಕ್ಲಿಕ್ ಮಾಡಿ `NVIDIA Control Panel` ತೆರೆಯಿರಿ, ಕೆಳಗಿನ ಮೂಲೆಯ `System Information` ಒತ್ತಿ. ಅಲ್ಲಿ ವ್ಯಾಟ್ ಕಾಣುತ್ತದೆ. ಅಂಗಡಿಯವರು ಬೇಡ ಅನ್ನುವುದಿಲ್ಲ, ಎರಡು ನಿಮಿಷದ ಕೆಲಸ.

ಆಮೇಲೆ ಆ ಚಿಪ್ಪಿನ ಸ್ವಂತ ಮೆಮೊರಿ. ರೆಂಡರಿಂಗ್ ಮಾಡುವಾಗ ಮರ, ಹುಲ್ಲು, ಪೀಠೋಪಕರಣ ಎಲ್ಲ ಅದರಲ್ಲೇ ತುಂಬಿಕೊಳ್ಳುತ್ತವೆ. ಅದು ತುಂಬಿತು ಅಂದರೆ ಯಂತ್ರ ಏಕಾಏಕಿ ತೆವಳುತ್ತದೆ, ಇಲ್ಲವೇ ಸಾಫ್ಟ್‌ವೇರ್ ಮುಚ್ಚಿಹೋಗುತ್ತದೆ. ಆರ್‌ಟಿಎಕ್ಸ್ 3050 ಅನ್ನುವ ಒಂದೇ ಹೆಸರಿನಲ್ಲಿ 4 ಜಿಬಿಯದೂ ಇದೆ, 6 ಜಿಬಿಯದೂ ಇದೆ. ಆರ್ಕಿಟೆಕ್ಚರ್ ಮಕ್ಕಳು 6 ಜಿಬಿಗಿಂತ ಕೆಳಗೆ ಹೋಗಬೇಡಿ.

ಅಣ್ಣನ ಮಗಳ ಚಿಂತೆ ಇನ್ನೂ ಉಳಿದಿತ್ತು. "ಹಾಗಾದ್ರೆ ನಾನೇ ಇಟ್ಟಿಗೆ ಹೊರಬೇಕಾ?" ಅಂದಳು. ಇದಕ್ಕೆ ಒಂದು ಮಧ್ಯದ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಕೆಲವು ಗೇಮಿಂಗ್ ಲ್ಯಾಪ್‌ಟಾಪುಗಳು ತಮ್ಮ ದೊಡ್ಡ ಚಾರ್ಜರ್ ಜೊತೆಗೆ ಯುಎಸ್‌ಬಿ-ಸಿ ಕಿಂಡಿಯಿಂದಲೂ ಚಾರ್ಜ್ ಆಗುತ್ತವೆ. ವಿವರದ ಪುಟದಲ್ಲಿ ಆ ಕಿಂಡಿಯ ಮುಂದೆ `Power Delivery` ಅಂತ ಇರಬೇಕು, ಮತ್ತು ಅದು ಲ್ಯಾಪ್‌ಟಾಪಿಗೆ ಚಾರ್ಜ್ ತೆಗೆದುಕೊಳ್ಳುವುದಕ್ಕೆ ಅಂತ ಸ್ಪಷ್ಟವಾಗಿರಬೇಕು. ಕೆಲವು ಕಿಂಡಿ ಬರೀ ಫೋನಿಗೆ ಚಾರ್ಜ್ ಕೊಡುತ್ತವೆ, ತಾವು ತೆಗೆದುಕೊಳ್ಳುವುದಿಲ್ಲ. ಇದ್ದರೆ ದೊಡ್ಡ ಚಾರ್ಜರನ್ನು ಹಾಸ್ಟೆಲಿನಲ್ಲೇ ಬಿಟ್ಟು, 65 ಅಥವಾ 100 ವ್ಯಾಟಿನ ಅಂಗೈ ಅಗಲದ ಚಾರ್ಜರ್ ಬ್ಯಾಗಿಗೆ ಹಾಕಿಕೊಳ್ಳಬಹುದು. ತರಗತಿಯ ಕೆಲಸಕ್ಕೆ ಅದು ಸಾಕು. ನಿಧಾನದ ಚಾರ್ಜರ್ ಅಂತ ಪರದೆಯ ಮೇಲೆ ಎಚ್ಚರಿಕೆ ಬಂದರೆ ಹೆದರಬೇಡಿ. ರೆಂಡರಿಂಗನ್ನು ಮಾತ್ರ ಅದರಲ್ಲಿ ಮಾಡಬೇಡಿ, ಕೋಣೆಗೆ ಬಂದು ದೊಡ್ಡದನ್ನು ಚುಚ್ಚಿ.

ಅವಳಿಗೆ ಕೊನೆಗೆ ಆರಿಸಿದ್ದು ಇಂಥದ್ದೇ. 15 ಇಂಚಿನ ಪರದೆ, 6 ಜಿಬಿಯ 3050, ತೂಕ 2.1 ಕಿಲೋ, ಸಣ್ಣ ಚಾರ್ಜರಿನಿಂದಲೂ ಚಾರ್ಜ್ ಆಗುತ್ತದೆ.

5. ಹಗುರದ್ದು ಕೊಳ್ಳುವವರು ರ‍್ಯಾಮ್ ಎಲ್ಲಿ ಕೂತಿದೆ ನೋಡಿ

ಹಗುರ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿರುವುದು ಜಾಸ್ತಿ. ಅಂದರೆ ಆಮೇಲೆ ಬದಲಿಸಲಾಗದು, ಹೆಚ್ಚಿಸಲಾಗದು. "ಈಗ 8 ಇರಲಿ, ಮುಂದಿನ ವರ್ಷ ಹಾಕಿಸೋಣ" ಅಂತ ಬಂದವರಿಗೆ ಬರಿಗೈಯಲ್ಲಿ ವಾಪಸ್ ಕಳಿಸುವಾಗ ನನಗೇ ಸಂಕಟ ಆಗುತ್ತದೆ. ವಿವರದಲ್ಲಿ `soldered` ಅಥವಾ `onboard` ಅಂತ ಕಂಡರೆ ಮೊದಲೇ 16 ಜಿಬಿ ಇರುವುದನ್ನು ಕೊಳ್ಳಿ.

ಬದಲಿಸಲು ಬರುವ ಸ್ಲಾಟ್ ಇದ್ದರೆ ಇನ್ನೊಂದು ಸಂಗತಿ ನೋಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇಲ್ಲದ ಯಂತ್ರ ಚಿತ್ರ ಮೂಡಿಸಲು ಇದೇ ರ‍್ಯಾಮನ್ನು ಬಳಸುತ್ತದೆ. ಒಂದೇ ಕಡ್ಡಿ ಇದ್ದರೆ ಒಂದೇ ಕಾಲುದಾರಿಯಲ್ಲಿ ಎಲ್ಲ ಓಡಾಡಿದ ಹಾಗೆ. ಎರಡು ಕಡ್ಡಿ ಇದ್ದರೆ ದಾರಿ ಎರಡಾಗುತ್ತದೆ, ಆಟದಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. `Ctrl + Shift + Esc` ಒತ್ತಿ, `Performance` ಒಳಗೆ `Memory` ತೆರೆದರೆ `Slots used` ಅಂತ ಕಾಣುತ್ತದೆ. `1 of 2` ಅಂತ ಇದ್ದರೆ ಇನ್ನೊಂದು ಕಡ್ಡಿ ಹಾಕಿಸಿ. ಖರ್ಚು ಕಡಿಮೆ, ಲಾಭ ಜಾಸ್ತಿ.

ಅಕ್ಕನ ಮಗ ಇಲ್ಲಿ ಬಂದು ನಿಂತ. ಎರಡು ಕಡ್ಡಿಯಲ್ಲಿ 16 ಜಿಬಿ, 1.4 ಕಿಲೋ. ಹೊಸ ಪೀಳಿಗೆಯ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್‌ನಲ್ಲೇ ವ್ಯಾಲೊರಂಟ್ ಚೆನ್ನಾಗಿ ಓಡುತ್ತದೆ. ಹೊಸ ದೊಡ್ಡ ಆಟಗಳು ಓಡುವುದಿಲ್ಲ, ಅದನ್ನು ಅವನಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ. ಒಂದು ರಾತ್ರಿ ಯೋಚಿಸಿ ಒಪ್ಪಿದ. ಅವನ ಪಟ್ಟಿಯಲ್ಲಿ ದೊಡ್ಡ ಆಟಗಳೇ ಇದ್ದಿದ್ದರೆ, ಮತ್ತು ಲ್ಯಾಪ್‌ಟಾಪ್ ದಿನಾ ಹೊರುವುದು ಇಲ್ಲದಿದ್ದರೆ, ನಾನು ಗೇಮಿಂಗ್ ಬೇಡ ಅನ್ನುತ್ತಿರಲಿಲ್ಲ.

6. ಕೊಳ್ಳುವ ಮೊದಲು ಸರ್ವಿಸ್, ಕೊಂಡ ಮೇಲೆ ಬ್ಯಾಟರಿ

"ಮನೆಗೇ ಬಂದು ರಿಪೇರಿ" ಅನ್ನುವ ವಾರಂಟಿ ಎಲ್ಲ ಪಿನ್‌ಕೋಡಿಗೂ ಇರುವುದಿಲ್ಲ. ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ಮನೆಯ ಪಿನ್‌ಕೋಡ್, ಹಾಸ್ಟೆಲಿನ ಪಿನ್‌ಕೋಡ್ ಎರಡನ್ನೂ ಹೇಳಿ ಕೇಳಿ. ಮಗು ವರ್ಷದಲ್ಲಿ ಜಾಸ್ತಿ ದಿನ ಇರುವುದು ಹಾಸ್ಟೆಲಿನಲ್ಲಿ. ಸಾಮಾನ್ಯ ವಾರಂಟಿಗೆ ನೀರು ಬಿದ್ದದ್ದು, ಕೆಳಗೆ ಬಿದ್ದದ್ದು ಸೇರುವುದಿಲ್ಲ. ಅದಕ್ಕೆ ಬೇರೆ ಹಣ ಕಟ್ಟಬೇಕು.

ಪೆಟ್ಟಿಗೆ ಒಡೆಯುವಾಗ ಸೀಲ್ ಕಾಣುವ ಹಾಗೆ ವಿಡಿಯೋ ಮಾಡಿಕೊಳ್ಳಿ. ವಿಂಡೋಸ್ ಸಿದ್ಧವಾದ ಮೇಲೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿ. ಆಮೇಲೆ `cmd` ತೆರೆದು ಇದನ್ನು ಟೈಪ್ ಮಾಡಿ:

```
powercfg /batteryreport
```

ವರದಿ ಎಲ್ಲಿ ಉಳಿಯಿತು ಅಂತ ಅದೇ ತೋರಿಸುತ್ತದೆ. ಆ ಕಡತವನ್ನು ಬ್ರೌಸರಿನಲ್ಲಿ ತೆರೆಯಿರಿ. `DESIGN CAPACITY` ಅಂದರೆ ಬ್ಯಾಟರಿ ಹಿಡಿಯಬೇಕಾದಷ್ಟು, `FULL CHARGE CAPACITY` ಅಂದರೆ ಈಗ ನಿಜಕ್ಕೂ ಹಿಡಿಯುತ್ತಿರುವುದು. ಹೊಸದರಲ್ಲಿ ಎರಡೂ ಹತ್ತಿರ ಹತ್ತಿರ ಇರಬೇಕು. ಎರಡನೆಯದು ನೂರಕ್ಕೆ ತೊಂಬತ್ತಕ್ಕಿಂತ ಕೆಳಗಿದ್ದರೆ, ಅಥವಾ ಪೂರ್ತಿ ಬ್ಯಾಟರಿಯಷ್ಟು ಎಷ್ಟು ಸಲ ಬಳಸಿದೆ ಅನ್ನುವ `CYCLE COUNT` ಆಗಲೇ ಹತ್ತಾರು ದಾಟಿದ್ದರೆ, ಅದು ಬಹಳ ದಿನ ಕೂತದ್ದೋ, ಪ್ರದರ್ಶನಕ್ಕಿಟ್ಟದ್ದೋ ಇರಬಹುದು. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಅಂಗಡಿಯವರಿಗೆ ತೋರಿಸಿ. ಈ ವರದಿಯನ್ನು ಉಳಿಸಿಟ್ಟುಕೊಳ್ಳಿ, ವಾರಂಟಿ ಮುಗಿಯುವ ತಿಂಗಳ ಮೊದಲು ಇನ್ನೊಮ್ಮೆ ತೆಗೆದು ಹೋಲಿಸಿ.

ಕೋಣೆಯಲ್ಲಿ ಸದಾ ಪ್ಲಗ್ ಹಾಕಿಯೇ ಬಳಸುವವರು ಕಂಪನಿಯ ಆ್ಯಪ್‌ನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಹಾಕಿಬಿಡಿ. ಯಾವಾಗಲೂ ನೂರರಲ್ಲಿ, ಅದೂ ಬಿಸಿಯಲ್ಲಿ ಕೂತ ಬ್ಯಾಟರಿ ಬೇಗ ಸೊರಗುತ್ತದೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ನೂರಕ್ಕೆ ಬಿಡಿ.

ಕರಾವಳಿಯವರಿಗೆ ಇನ್ನೊಂದು ಮಾತು. ಕಾರವಾರದ ಗಾಳಿಯಲ್ಲಿ ಉಪ್ಪು, ತೇವ ಎರಡೂ ಇದೆ. ರಜೆಗೆ ಬಂದು ಲ್ಯಾಪ್‌ಟಾಪನ್ನು ತಿಂಗಳುಗಟ್ಟಲೆ ಬ್ಯಾಗಿನಲ್ಲೇ ಮುಚ್ಚಿಟ್ಟರೆ ಕಿಂಡಿಗಳಲ್ಲಿ ಹಸಿರು ಹಿಡಿಯುತ್ತದೆ. ವಾರಕ್ಕೆ ಎರಡು ಸಲವಾದರೂ ಅರ್ಧ ಗಂಟೆ ಓಡಿಸಿ. ಒಳಗಿನ ಬಿಸಿಯೇ ತೇವವನ್ನು ಆರಿಸುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ಆದರೆ ಹಾಸಿಗೆಯ ಮೇಲೆ ಇಡಲೇಬೇಡಿ. ಅದು ಗಾಳಿ ಎಳೆಯುವುದು ತಳದಿಂದ, ಹಾಸಿಗೆ ಆ ಬಾಯಿಯನ್ನು ಮುಚ್ಚುತ್ತದೆ. ಆಡುತ್ತಿದ್ದಂತೆ ಫ್ಯಾನ್ ಕೂಗು ಏರಿ, ಆಟ ಇದ್ದಕ್ಕಿದ್ದಂತೆ ನಿಧಾನ ಆದರೆ ಮೊದಲು ತಳ ಮುಟ್ಟಿ ನೋಡಿ.

ಅವರಿಬ್ಬರ ಯಂತ್ರಗಳೂ ಬಂದಿವೆ, ವರದಿ ತೆಗೆದು ನೋಡಿದ್ದೇವೆ. ಎರಡೂ ನೂರಕ್ಕೆ ತೊಂಬತ್ತೇಳರ ಮೇಲಿವೆ. ಅವಳ ಯುಎಸ್‌ಬಿ-ಸಿ ಚಾರ್ಜರ್ ಅವನ ಲ್ಯಾಪ್‌ಟಾಪಿಗೂ ಹಿಡಿಸುತ್ತದೆ. ದೀಪಾವಳಿಗೆ ಮನೆಗೆ ಬಂದಾಗ ಒಂದೇ ತಂದರೆ ಸಾಕು ಅಂತ ಆಗಲೇ ಮಾತಾಡಿಕೊಂಡಿದ್ದಾರೆ.